ಎರಡು ಈಡುಗಳ ನಡುವಿನ ಕ್ಷಣ

ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕಾಡಿಗೆ ಹೊರಟರೆ ಜೊತೆಗಿರುತ್ತಿದ್ದದ್ದು .405 ವಿಂಚೆಸ್ಟರ್. ಅತ್ತ ಕುಮಾವ್‌ನ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತ್‌ನ ನರಭಕ್ಷಕಿಯನ್ನು ಹೊಡೆದದ್ದಕ್ಕೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ. ಮೊದಲನೆಯದು ಲಿವರ್ ಆಕ್ಷನ್, ಎರಡನೆಯದು ಬೋಲ್ಟ್ ಆಕ್ಷನ್. ಇಬ್ಬರೂ ಹುಲಿಯೆದುರು ನಿಂತವರೇ. ಮೊದಲ ಈಡು ತಪ್ಪಿದರೆ ಎರಡನೆಯದು ಎಷ್ಟು ಬೇಗ, ಎಷ್ಟು ಖಚಿತವಾಗಿ ಸಿದ್ಧವಾಗುತ್ತದೆ ಎಂಬುದರ ಮೇಲೆ ಇಬ್ಬರ ಜೀವವೂ ನಿಂತಿತ್ತು.

ಈ ಎರಡಕ್ಕೂ, ಇವುಗಳ ಸೋದರ ಪಂಪ್ ಆಕ್ಷನ್‌ಗೂ ಒಂದು ಸಮಾನ ಗುಣವಿದೆ. ಹಾರಿದ ತೋಟಾದ ಖಾಲಿ ಹಿತ್ತಾಳೆ ಕೊಳವೆಯನ್ನು ಹೊರಗೆಸೆದು ಹೊಸ ತೋಟಾ ತುಂಬುವ ಕೆಲಸ ಕೋವಿಯದಲ್ಲ, ಹಿಡಿದವನ ಕೈಯದು. ಮೂರರ ವ್ಯತ್ಯಾಸವೆಲ್ಲ ಆ ಕೈ ಹೇಗೆ ಆಡುತ್ತದೆ ಎಂಬುದರಲ್ಲಿದೆ.

ಬೋಲ್ಟ್ ಆಕ್ಷನ್ ಎಂದರೆ ನಮ್ಮ ಬಾಗಿಲ ಅಗುಳಿಯೇ. ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಕೆಳಕ್ಕೆ ಒತ್ತಬೇಕು. ಇದರ ಬಲ ಆ ಮೊದಲ ಮೇಲೆತ್ತುವಿಕೆಯಲ್ಲೇ ಅಡಗಿದೆ. ಮದ್ದು ಸಿಡಿದಾಗ ಹಿತ್ತಾಳೆ ಕೊಳವೆ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಮರುಕ್ಷಣ ಕುಗ್ಗಿ ಸಡಿಲವಾಗುತ್ತದೆ, ಆದರೆ ಗೂಡಿನಲ್ಲಿ ಮಣ್ಣೋ ತುಕ್ಕೋ ಇದ್ದರೆ, ಮದ್ದು ಅತಿಯಾಗಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ಹಿಡಿ ಎತ್ತಿದಾಗ ಒಳಗಿನ ಓರೆಯಾದ ಅಂಚು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಮೀಟುತ್ತದೆ. ಬಿಗಿಯಾದ ಡಬ್ಬಿಯ ಮುಚ್ಚಳವನ್ನು ನೇರ ಎಳೆಯುವುದಕ್ಕೂ ತಿರುವಿ ತೆಗೆಯುವುದಕ್ಕೂ ಇರುವ ವ್ಯತ್ಯಾಸವಿದು. 1898ರ ಜರ್ಮನ್ ಮೌಸರ್ ಇದರ ಜೊತೆಗೆ ತೋಟಾದ ಅಂಚನ್ನು ಕಚ್ಚಿ ಹಿಡಿಯುವ ಅಗಲವಾದ ಉಕ್ಕಿನ ಉಗುರನ್ನೂ ಇಟ್ಟಿತು. ಕಾರ್ಬೆಟ್‌ನ ರಿಗ್ಬಿಯೂ ಮೌಸರ್ ಮಾದರಿಯದೇ.

ಹಾಗಾದರೆ ಬೋಲ್ಟ್ ನಿಧಾನವೇ? ಅಷ್ಟೇನಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ಸೈನಿಕರಿಗೆ ಲೀ-ಎನ್‌ಫೀಲ್ಡ್ ಹಿಡಿದು 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯುವ ತಾಲೀಮಿತ್ತು. ಅದರಲ್ಲಿ ಹಿಡಿಯ ತಿರುವು ಚಿಕ್ಕದು, ಅದು ಟ್ರಿಗರ್‌ನ ಪಕ್ಕದಲ್ಲೇ ಬರುತ್ತದೆ, ಮ್ಯಾಗಜಿನ್‌ನಲ್ಲಿ 10 ತೋಟಾ ಹಿಡಿಸುತ್ತದೆ. ಆದರೆ ಪ್ರತಿ ಈಡಿಗೂ ಬಲಗೈ ಟ್ರಿಗರ್ ಬಿಟ್ಟು ಹೋಗಿಬರಲೇಬೇಕು.

ಲಿವರ್ ಗೆಲ್ಲುವುದು ಅಲ್ಲಿ. ಟ್ರಿಗರ್ ಸುತ್ತಲಿನ ಬಳೆಯಂಥ ಸನ್ನೆಯಲ್ಲೇ ಬೆರಳುಗಳಿರುತ್ತವೆ. ಕೆಳಗೆ ತಳ್ಳಿ ಮೇಲಕ್ಕೆಳೆದರೆ ಕೆಲಸ ಮುಗಿಯಿತು, ಕುಂದ ಭುಜ ಬಿಡುವುದಿಲ್ಲ. 1877ರಲ್ಲಿ ಪ್ಲೆವ್ನಾದಲ್ಲಿ ತುರ್ಕರು ದೂರದ ರಷ್ಯನ್ನರಿಗೆ ಒಂಟಿ ಈಡಿನ ಪೀಬಾಡಿ-ಮಾರ್ಟಿನಿ ಬಳಸಿದರು, ಹತ್ತಿರ ಬಂದವರ ಮೇಲೆ ವಿಂಚೆಸ್ಟರ್ ಲಿವರ್‌ನಿಂದ ಗುಂಡಿನ ಮಳೆಗರೆದರು. ಯಾವುದಕ್ಕೆ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಸೈನ್ಯಗಳು ಲಿವರನ್ನು ಹೆಚ್ಚಾಗಿ ನೆಚ್ಚಲಿಲ್ಲ. ನೆಲಕ್ಕೆ ಬೋರಲು ಮಲಗಿದವನಿಗೆ ಸನ್ನೆ ಕೆಳಗಿಳಿಸಲು ಜಾಗವಿಲ್ಲ. ಬಹುಪಾಲು ಲಿವರ್ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ. ಒಂದರ ಮೂತಿ ಮುಂದಿನದರ ತಳಕ್ಕೆ ಒತ್ತಿರುವುದರಿಂದ ಚೂಪು ಗುಂಡು ಹಾಕಿದರೆ ಕೊಳವೆಯೊಳಗೇ ಸಿಡಿಯುವ ಅಪಾಯವಿದೆ. ಹಾಗಾಗಿ ಸಾಮಾನ್ಯವಾಗಿ ಚಪ್ಪಟೆ ಮೂತಿಯ ಗುಂಡನ್ನೇ ಬಳಸುತ್ತಾರೆ, ಅದು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಆಂಡರ್ಸನ್‌ನ 1895ರ ಮಾದರಿಗೆ ಈ ತೊಡಕಿರಲಿಲ್ಲ. ಅದರ ತೋಟಾಗಳು ಒಂದರ ಮೇಲೊಂದು ಪೆಟ್ಟಿಗೆಯಲ್ಲಿ ಕೂರುತ್ತಿದ್ದವು.

ಪಂಪ್ ಎಂದೊಡನೆ ಸಿನಿಮಾದ ಶಾಟ್‌ಗನ್ ಕಣ್ಮುಂದೆ ಬರುತ್ತದೆ, ಆದರೆ ಪಂಪ್ ರೈಫಲ್‌ಗಳೂ ಇವೆ. ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈ ಹಿಂದೆ ಮುಂದೆ ಜಾರಿಸುತ್ತದೆ, ಬಲಗೈ ಕದಲುವುದೇ ಇಲ್ಲ. ಓಡುವ ಪ್ರಾಣಿಗೆ ಮತ್ತೊಂದು ಈಡು ಹಾಕಲು ಮೂರರಲ್ಲಿ ಇದೇ ಚುರುಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲ. ಹೀಗಾಗಿ 1952ರಲ್ಲಿ ಬಂದ ರೆಮಿಂಗ್ಟನ್ 760 ಅಲ್ಲಿನ ದಟ್ಟ ಕಾಡುಗಳಲ್ಲಿ ಮನೆ ಮಾಡಿತು. ಆದರೆ ಕೊಳವೆ ಕಚ್ಚಿಕೊಂಡರೆ ಬೋಲ್ಟಿನಂತೆ ತಿರುವಿ ಮೀಟಲಾಗದು, ಕೈಗೆ ನೇರ ಎಳೆತವಷ್ಟೇ ಸಿಗುವುದು. ಗಾಬರಿಯಲ್ಲಿ ಹಿಡಿಯನ್ನು ಪೂರ್ತಿ ಹಿಂದಕ್ಕೆ ತರದಿದ್ದರೆ ಖಾಲಿ ಕೊಳವೆ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ, ಅಥವಾ ಹೊಸ ತೋಟಾ ಮೇಲೆ ಬಾರದೆ ಟ್ರಿಗರ್ ಒತ್ತಿದಾಗ ಬರೀ ‘ಟಿಕ್’ ಎನ್ನುತ್ತದೆ. ಲಿವರಿಗೂ ಇದೇ ಶಾಪವಿದೆ.

ಬಯಲಿನ ದೂರದ ಗುರಿಗೆ, ಮಣ್ಣು ಮಳೆಯ ಬಾಳ್ವೆಗೆ ಬೋಲ್ಟ್. ಪೊದೆಯ ನಡುವೆ, ಕೂಗಳತೆಯ ಒಳಗೆ ಲಿವರ್ ಅಥವಾ ಪಂಪ್. ಒಂದನ್ನೇ ಆರಿಸಿ ಎಂದರೆ ಬೋಲ್ಟನ್ನೇ ಆರಿಸಬೇಕು, ಏಕೆಂದರೆ ಅರ್ಧ ಸೆಕೆಂಡ್ ತಡವಾಗಿ ಬರುವ ಎರಡನೆಯ ಈಡು ಬಾರದೇ ಹೋಗುವ ಈಡಿಗಿಂತ ವಾಸಿ. ಹಾಗೆಂದು ಅದು ಎಲ್ಲಕ್ಕೂ ಸಾಲದು. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47 ಹಿಡಿದವರೆದುರು .303 ರೈಫಲ್‌ಗಳ ಮಿತಿ ಇಡೀ ದೇಶಕ್ಕೆ ಕಂಡಿತು. ಉತ್ತರ ಪ್ರದೇಶದ ಪೊಲೀಸರು ತಮ್ಮ .303ಗಳಿಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ.