ಸೋತ ತಂಡ ಒಂದು ದಿನ ಕೂತು ಮಾತಾಡುವುದು ಹೇಗೆ?

ಹೊಸ ಉತ್ಪನ್ನ ಮಾರುಕಟ್ಟೆಯಲ್ಲಿ ನೆಲಕಚ್ಚಿದ ಮೇಲೆ ಕಂಪನಿಗಳು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತವೆ. ಒಂದೋ ತಪ್ಪು ಯಾರದ್ದೆಂದು ಹುಡುಕಿ ಒಬ್ಬರ ತಲೆಗೆ ಕಟ್ಟುತ್ತವೆ, ಇಲ್ಲವೇ ಎಲ್ಲರನ್ನೂ ರೆಸಾರ್ಟಿಗೆ ಕರೆದೊಯ್ದು ಹಗ್ಗಜಗ್ಗಾಟ ಆಡಿಸುತ್ತವೆ. ಆಟ ಮುಗಿಸಿ ಬಂದವರು ಸೋಮವಾರ ಮತ್ತೆ ಅದೇ ಮುನಿಸಿನೊಡನೆ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಮುರಿದದ್ದು ಕೆಲಸದ ನಡುವೆ, ಆದ್ದರಿಂದ ಕೂಡಿಸಬೇಕಾದದ್ದೂ ಕೆಲಸದ ಮಾತಿನಿಂದಲೇ. ಅದಕ್ಕೆ ಒಂದು ದಿನ ಸಾಕು, ಆ ದಿನವನ್ನು ಸರಿಯಾಗಿ ಹೆಣೆದರೆ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕ ಬರೆದಿಡಲು 14 ಜನರ ತಂಡವೊಂದು ಆ್ಯಪ್ ಮಾಡಿ, ದೀಪಾವಳಿಗೆ ಮುಂಚೆ ಬಿಡುಗಡೆ ಮಾಡಿತು. ನೆಟ್‌ವರ್ಕ್ ನಿಧಾನವಾಗಿದ್ದ ಊರುಗಳಲ್ಲಿ ಒಂದೇ ಉದ್ರಿ ಎರಡು ಸಲ ದಾಖಲಾಗತೊಡಗಿತು. ಸರ್ವರಿನಿಂದ ಉತ್ತರ ಬರುವುದು ತಡವಾದಾಗ ಆ್ಯಪ್ ಅದೇ ಲೆಕ್ಕವನ್ನು ಮತ್ತೊಮ್ಮೆ ಕಳಿಸುತ್ತಿತ್ತು, ಸರ್ವರ್ ಅದನ್ನು ಹೊಸ ಲೆಕ್ಕವೆಂದೇ ಬರೆದುಕೊಳ್ಳುತ್ತಿತ್ತು. 500 ರೂಪಾಯಿ ಬಾಕಿ 1000 ಆಗಿ ಕಂಡಾಗ ಗಿರಾಕಿಗಳು ಅಂಗಡಿಯವರ ಮೇಲೆ ಬಿದ್ದರು. ವಾರದೊಳಗೆ ಆ್ಯಪ್ ವಾಪಸಾಯಿತು. ಆಮೇಲೆ ಕಚೇರಿಯಲ್ಲಿ ಮೂರು ಕಥೆಗಳು ಓಡಾಡತೊಡಗಿದವು. "ನಾನು ಮೊದಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ" ಎನ್ನುವುದು ಟೆಸ್ಟರ್ ಮಾತು. "ನನಗೆ ಯಾರೂ ಹೇಳಲೇ ಇಲ್ಲ" ಎನ್ನುವುದು ಡೆವಲಪರ್ ಮಾತು. "ತಾರೀಕು ಕೊಟ್ಟವರು ನೀವೇ" ಎನ್ನುವುದು ಮಾರಾಟದವರದು.

ಈ ಮೂರು ಕಥೆಗಳೂ ಒಂದೇ ಗೋಡೆಯ ಮೇಲೆ ಬರುವಂತೆ ಮಾಡುವುದೇ ಕಾರ್ಯಾಗಾರದ ಮುಖ್ಯ ಕೆಲಸ.

ತಯಾರಿ ಒಂದು ವಾರ ಮುಂಚೆ ಶುರುವಾಗಬೇಕು. ದಿನ ನಡೆಸಿಕೊಡುವವರು ಆ ತಂಡದವರಾಗಿರಬಾರದು. ಬೇರೆ ವಿಭಾಗದವರಾದರೂ ಅಡ್ಡಿಯಿಲ್ಲ. ಅವರು ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಒಂಟಿಯಾಗಿ ಕೂತು ಎರಡೇ ಪ್ರಶ್ನೆ ಕೇಳಿದರೆ ಸಾಕು: ಯಾವ ಮಾತನ್ನು ಆ ದಿನ ಆಡಲೇಬೇಕು? ಯಾವ ಮಾತನ್ನು ಎಲ್ಲರ ಎದುರು ಆಡಲು ನಿಮಗೆ ಹೆದರಿಕೆ? ಅದೇ ವಾರ ಮೇಲಧಿಕಾರಿಯಿಂದ ಒಂದು ಭರವಸೆಯನ್ನೂ ಪಡೆಯಬೇಕು: ಅಲ್ಲಿ ಆಡಿದ ಮಾತು ಯಾರ ಅಪ್ರೈಸಲ್‌ಗೂ ಹೋಗುವುದಿಲ್ಲ. ಯಾರನ್ನಾದರೂ ಕೆಲಸದಿಂದ ತೆಗೆಯುವ ಯೋಚನೆ ಇನ್ನೂ ಇದ್ದರೆ ಆ ತೀರ್ಮಾನ ಆಗುವವರೆಗೆ ಕಾರ್ಯಾಗಾರವನ್ನು ಮುಂದೂಡುವುದೇ ಲೇಸು.

ಬೆಳಿಗ್ಗೆ ಮೊದಲ ಹತ್ತು ನಿಮಿಷ ತಂಡದ ಮುಖ್ಯಸ್ಥರದು. ಅವರು ಧೈರ್ಯ ತುಂಬುವ ಭಾಷಣ ಮಾಡಬಾರದು. ತಾನೇ ತೆಗೆದುಕೊಂಡ ಒಂದು ತೀರ್ಮಾನವನ್ನು ಹೆಸರಿಟ್ಟು ಹೇಳಬೇಕು. "ತಾರೀಕು ಮುಂದೂಡಲು ಕೇಳಿದಾಗ ಬೇಡ ಅಂದವನು ನಾನು" ಎಂಬಷ್ಟು ನೇರವಾಗಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಉಡಾವಣೆ ವಿಫಲವಾದಾಗ ಪತ್ರಕರ್ತರನ್ನು ಎದುರಿಸಿ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಪತ್ರಿಕಾಗೋಷ್ಠಿ ನಡೆಸಲು ಅವರು ಮುಂದೆ ಬಿಟ್ಟದ್ದು ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು. ಕಲಾಂ ಇದನ್ನು ಬದುಕಿನುದ್ದಕ್ಕೂ ಹೇಳಿಕೊಂಡು ಬಂದರು. ಮುಖ್ಯಸ್ಥರು ತಮ್ಮ ಪಾಲು ಒಪ್ಪಿಕೊಂಡ ಮೇಲೆ ಮಧ್ಯಾಹ್ನದವರೆಗೆ ಸುಮ್ಮನಿರಬೇಕು. ಅವರ ಅಭಿಪ್ರಾಯ ಬಿತ್ತೆಂದರೆ ಉಳಿದವರ ಮಾತು ಅದರ ಹಿಂದೆಯೇ ಸಾಗುತ್ತದೆ.

ಹತ್ತು ಗಂಟೆಯಿಂದ ಊಟದ ಹೊತ್ತಿನವರೆಗೆ ಕಾಲರೇಖೆಯ ಕೆಲಸ. ಗೋಡೆಗೆ ಉದ್ದನೆಯ ಕಾಗದ ಅಂಟಿಸಿ, ಬಿಡುಗಡೆಗೆ ಮುಂಚಿನ ಎರಡು ತಿಂಗಳ ವಾರಗಳನ್ನು ಗುರುತಿಸಿಡಬೇಕು. ಮೊದಲ 20 ನಿಮಿಷ ಯಾರೂ ಮಾತಾಡುವಂತಿಲ್ಲ, ಎಲ್ಲರೂ ಚೀಟಿ ಬರೆಯಬೇಕು. ಏನು ನಡೆಯಿತು ಎನ್ನುವುದಕ್ಕೆ ಹಳದಿ ಚೀಟಿ. ಅದು ಆಗ ನನಗೆ ಗೊತ್ತಿತ್ತೇ, ಏನು ಅನ್ನಿಸಿತು ಎನ್ನುವುದಕ್ಕೆ ಗುಲಾಬಿ. ಮೊದಲು ಬರೆಸುವುದಕ್ಕೆ ಕಾರಣವಿದೆ. ಮಾತಿಗೆ ಬಿಟ್ಟರೆ ಗಟ್ಟಿ ದನಿಯವರ ಕಥೆಯೇ ತಂಡದ ಕಥೆಯಾಗುತ್ತದೆ.

ನಮ್ಮ ಉದಾಹರಣೆಯ ತಂಡದಲ್ಲಿ ಬಿಡುಗಡೆಗೆ 16 ದಿನ ಮುಂಚಿನ ಜಾಗದಲ್ಲಿ ಮೂರು ಚೀಟಿ ಪಕ್ಕಪಕ್ಕ ಬಂದವು ಎನ್ನೋಣ. ಉದ್ರಿ ಎರಡು ಸಲ ಬೀಳುತ್ತಿದೆ ಎಂದು ಟೆಸ್ಟರ್ ಅಂದೇ ಬಗ್ ದಾಖಲಿಸಿ ಅದನ್ನು 'ತುರ್ತು' ಎಂದು ಗುರುತಿಸಿದ್ದರು. 'ತುರ್ತು' ಎಂದಿರುವ ಬಗ್ ಒಂದಿದ್ದರೂ ಬಿಡುಗಡೆ ನಿಲ್ಲಬೇಕೆಂಬ ನಿಯಮವಿತ್ತು. ಕಚೇರಿಯ ವೇಗದ ವೈಫೈನಲ್ಲಿ ತೊಂದರೆ ಕಾಣದ ಕಾರಣ ಪ್ರಾಜೆಕ್ಟ್ ಮ್ಯಾನೇಜರ್ ಅದನ್ನು 'ಸಾಧಾರಣ'ಕ್ಕೆ ಇಳಿಸಿದ್ದರು. ಡೆವಲಪರ್ ಆ ವಾರ 'ತುರ್ತು' ಪಟ್ಟಿಯನ್ನು ಮಾತ್ರ ನೋಡುತ್ತಿದ್ದರು. ಹೇಳಿದ್ದೆ ಎನ್ನುವವರ ಮಾತೂ ನಿಜ, ಕೇಳಿಸಲಿಲ್ಲ ಎನ್ನುವವರ ಮಾತೂ ನಿಜ. ಎರಡು ತಿಂಗಳಿಂದ ಒಬ್ಬರನ್ನೊಬ್ಬರು ಸುಳ್ಳರೆಂದುಕೊಂಡಿದ್ದ ಇಬ್ಬರ ನಡುವಿನ ಗಂಟು ಸಡಿಲವಾಗುವುದು ಇಲ್ಲಿ.

ಊಟದ ನಂತರ ಇಂಥ ಎರಡೋ ಮೂರೋ ತಿರುವುಗಳನ್ನಷ್ಟೇ ಆರಿಸಿಕೊಂಡು ಬಿಡಿಸಬೇಕು. ಇಲ್ಲಿ ಎದುರಾಗುವ ದೊಡ್ಡ ತೊಡಕನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ: ಫಲಿತಾಂಶ ಗೊತ್ತಾದ ಮೇಲೆ, ಅದು ಮೊದಲೇ ಕಾಣುವಂತಿತ್ತು ಎಂದು ನಮಗೆ ಅನ್ನಿಸತೊಡಗುತ್ತದೆ. ಹಾಗಾಗಿ "ಯಾಕೆ ನೋಡಲಿಲ್ಲ?" ಎಂಬ ಪ್ರಶ್ನೆಯನ್ನು ಬಿಟ್ಟು "ಅಂದು ನಿಮ್ಮ ಮುಂದೆ ಏನೇನು ಇತ್ತು?" ಎಂದು ಕೇಳಬೇಕು. ಹೀಗೆ ಕೇಳಿದಾಗ ಮ್ಯಾನೇಜರ್‌ಗೆ ನಿಧಾನದ ನೆಟ್‌ವರ್ಕಿನಲ್ಲಿ ಪರೀಕ್ಷಿಸುವ ಫೋನೇ ಇರಲಿಲ್ಲ ಎಂಬುದು ಹೊರಬೀಳುತ್ತದೆ. ಹಾಗೆಂದು ಹೊಣೆ ಯಾರ ಮೇಲೂ ಇಲ್ಲವೆಂದಲ್ಲ. ಟೆಸ್ಟರನ್ನು ಕೇಳದೆ ಗುರುತು ಇಳಿಸಿದ್ದು ತಪ್ಪೇ, ಅದನ್ನು ಹಾಗೆಯೇ ಹೇಳಬೇಕು.

ದಿನ ಹಳಿ ತಪ್ಪುತ್ತಿದೆ ಎಂದು ತಿಳಿಯಲು ಎರಡು ಗುರುತುಗಳಿವೆ. ಎಲ್ಲರೂ "ಸಂವಹನದ ಕೊರತೆಯಾಯಿತು" ಎಂಬಂಥ, ಆಡಿದವರು ಕಾಣದ ವಾಕ್ಯಗಳಲ್ಲಿ ಮಾತಾಡುತ್ತಿದ್ದರೆ ಅದೊಂದು. ಒಳಗಿನ ಮಾತಿಗಿಂತ ಕಾಫಿ ಮೆಷಿನ್ ಪಕ್ಕದ ಮಾತು ಖಾರವಾಗಿದ್ದರೆ ಇನ್ನೊಂದು. ಆಗ ಇಬ್ಬಿಬ್ಬರನ್ನೇ ಕೂರಿಸಿ ಮಾತಾಡಿಸಬೇಕು. 14 ಜನರೆದುರು ಬಾರದ ಮಾತು ಒಬ್ಬರೆದುರು ಬರುತ್ತದೆ.

ಕೊನೆಯ ಒಂದು ಗಂಟೆ ಮಾತು ಕೊಡುವುದಕ್ಕೆ. "ಇನ್ನು ಮುಂದೆ ಚೆನ್ನಾಗಿ ಮಾತಾಡೋಣ" ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬಾರದು. ಯಾರು, ಏನು, ಯಾವಾಗ ಎಂಬ ಮೂರೂ ಇರಬೇಕು, ಮತ್ತು ಐದಕ್ಕಿಂತ ಹೆಚ್ಚು ಬೇಡ. ಬಗ್ ದಾಖಲಿಸಿದವರನ್ನು ಕೇಳದೆ ಅದರ ಗುರುತನ್ನು ಯಾರೂ ಇಳಿಸುವಂತಿಲ್ಲ, ನಾಳೆಯಿಂದಲೇ. ಪ್ರತಿ ಉದ್ರಿಗೂ ಅದರದೇ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡುವಂತೆ ಡೆವಲಪರ್ ಹತ್ತು ದಿನದಲ್ಲಿ ಮಾಡುತ್ತಾರೆ. ಮುಖ್ಯಸ್ಥರು ಹಳೆಯ ಅಗ್ಗದ ಎರಡು ಫೋನು ಈ ವಾರ ತರಿಸಿಕೊಡುತ್ತಾರೆ. ಎರಡು ವಾರದ ಮೇಲೆ ಅರ್ಧ ಗಂಟೆ ಸೇರಿ ಪಟ್ಟಿ ಓದಬೇಕು. ಒಂದು ದಿನದಲ್ಲಿ ನಂಬಿಕೆ ಪೂರ್ತಿ ಮರಳುವುದಿಲ್ಲ. ಕೊಟ್ಟ ಸಣ್ಣ ಮಾತು ನಡೆದಾಗ ಮರಳತೊಡಗುತ್ತದೆ.

ಮರಳುತ್ತಿದೆ ಎಂದು ತಿಳಿಯುವ ಬಗೆ ಸ್ವಲ್ಪ ವಿಚಿತ್ರ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂದು ಅವರು ವಿವರಿಸಿದರು. ಆದ್ದರಿಂದ ಮುಂದಿನ ತಿಂಗಳು ನಿಮ್ಮ ತಂಡದಿಂದ ಕೆಟ್ಟ ಸುದ್ದಿ ಮೊದಲಿಗಿಂತ ಹೆಚ್ಚಾಗಿ, ಮೊದಲಿಗಿಂತ ಬೇಗ ಬರತೊಡಗಿದರೆ ಗಾಬರಿಯಾಗಬೇಡಿ, ತಂದವರ ಮೇಲೆ ರೇಗಲೂ ಬೇಡಿ. ಕಾರ್ಯಾಗಾರ ಕೆಲಸ ಮಾಡಿದೆ ಎಂದು ಅರ್ಥ.