ದುಃಖಕ್ಕೆ ಕರ್ತೃ ಯಾರು? ಪ್ರತೀತ್ಯಸಮುತ್ಪಾದದ ಉತ್ತರ

ಪ್ರತೀತ್ಯಸಮುತ್ಪಾದ ಬೌದ್ಧರ ಕಾರ್ಯಕಾರಣ ಸಿದ್ಧಾಂತ. ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟುವುದಿಲ್ಲ, ಯಾರೋ ಒಬ್ಬ ಸಂಕಲ್ಪಿಸಿ ಹುಟ್ಟಿಸಿದ್ದೂ ಅಲ್ಲ. ತಕ್ಕ ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಆ ಕಾರಣಗಳು ಇಲ್ಲವಾದಾಗ ತಾನೂ ಇಲ್ಲವಾಗುತ್ತದೆ ಎಂಬುದು ಅದರ ತಿರುಳು. ಮಳೆ, ಬೆಳೆ, ಬೆಂಕಿಗೆ ಈ ಮಾತನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ಬುದ್ಧ ಇದನ್ನು ಮನುಷ್ಯನ ದುಃಖಕ್ಕೇ ಅನ್ವಯಿಸಿದ. ಸಿದ್ಧಾಂತ ತೊಡಕಾಗುವುದು ಅಲ್ಲಿಂದ.

ಪಾಲಿ ಗ್ರಂಥಗಳಲ್ಲಿ ಈ ವಿಷಯಕ್ಕೆಂದೇ ಮೀಸಲಾದ ಭಾಗ ಸಂಯುತ್ತನಿಕಾಯದ ನಿದಾನಸಂಯುತ್ತ. ಅದರಲ್ಲಿ ಕಸ್ಸಪನೆಂಬ ದಿಗಂಬರ ಸಂನ್ಯಾಸಿಯ ಪ್ರಸಂಗವೊಂದಿದೆ. ರಾಜಗೃಹದಲ್ಲಿ ಭಿಕ್ಷೆಗೆ ಹೊರಟಿದ್ದ ಬುದ್ಧನನ್ನು ಅವನು ಅಡ್ಡಗಟ್ಟಿ ಪ್ರಶ್ನೆ ಕೇಳಲು ನಿಲ್ಲುತ್ತಾನೆ. ಈಗ ಹೊತ್ತಲ್ಲ ಎಂದರೂ ಬಿಡುವುದಿಲ್ಲ. ದುಃಖ ತಾನೇ ಮಾಡಿಕೊಂಡದ್ದೇ, ಇನ್ನೊಬ್ಬರು ಮಾಡಿದ್ದೇ, ಎರಡೂ ಹೌದೇ, ಅಥವಾ ಎರಡೂ ಅಲ್ಲದೆ ಸುಮ್ಮನೆ ಬಂದದ್ದೇ ಎಂದು ಒಂದೊಂದಾಗಿ ಕೇಳುತ್ತಾನೆ. ನಾಲ್ಕಕ್ಕೂ ಬುದ್ಧ ಹಾಗೆನ್ನಬೇಡ ಎನ್ನುತ್ತಾನೆ. ಹಾಗಾದರೆ ದುಃಖವೇ ಇಲ್ಲವೇ ಎಂದರೆ, ಇದೆ. ಅದನ್ನು ನಾನು ಬಲ್ಲೆ, ಕಾಣುತ್ತಿದ್ದೇನೆ ಎಂಬ ಉತ್ತರ ಬರುತ್ತದೆ.

ಇದು ಜಾರಿಕೆಯ ಉತ್ತರದಂತೆ ಕೇಳಿಸಬಹುದು. ಆದರೆ ಬುದ್ಧ ಕಾರಣವನ್ನೂ ಹೇಳುತ್ತಾನೆ. ದುಃಖ ತನ್ನದೇ ಸೃಷ್ಟಿ ಎನ್ನಬೇಕಾದರೆ, ಅಂದು ಮಾಡಿದವನೂ ಇಂದು ಉಣ್ಣುವವನೂ ಒಂದಿಷ್ಟೂ ಬದಲಾಗದ ಒಬ್ಬನೇ ಆಗಿರಬೇಕು. ಇದು ಶಾಶ್ವತವಾದ. ಇನ್ನೊಬ್ಬನ ಸೃಷ್ಟಿ ಎಂದರೆ ಮಾಡಿದವನು ಯಾರೋ, ಉಣ್ಣುವವನು ಯಾರೋ. ನಡುವಿನ ಕೊಂಡಿಯೇ ಕಡಿದುಹೋಗುತ್ತದೆ. ಇದು ಉಚ್ಛೇದವಾದ. ಈ ಎರಡು ತುದಿಗಳನ್ನೂ ಬಿಟ್ಟು ಅವನು ಕಸ್ಸಪನ ಮುಂದಿಟ್ಟದ್ದು ಹನ್ನೆರಡು ಕೊಂಡಿಗಳ ಸರಣಿಯನ್ನು. ಅವಿದ್ಯೆಯಿಂದ ಸಂಸ್ಕಾರ, ಅಂದರೆ ಉದ್ದೇಶಪೂರ್ವಕ ಕ್ರಿಯೆ; ಅದರಿಂದ ವಿಜ್ಞಾನ ಅಥವಾ ಅರಿವು; ಅದರಿಂದ ದೇಹ ಮನಸ್ಸುಗಳು ಸೇರಿದ ನಾಮರೂಪ; ಆಮೇಲೆ ಆರು ಇಂದ್ರಿಯಗಳು, ಸ್ಪರ್ಶ, ವೇದನೆ, ತೃಷ್ಣೆ, ಉಪಾದಾನವೆಂಬ ಅಂಟು, ಭವ, ಜನ್ಮ, ಕೊನೆಗೆ ಮುಪ್ಪು, ಸಾವು, ಶೋಕ. ಇಲ್ಲಿ ವೇದನೆ ಎಂದರೆ ನೋವು ಮಾತ್ರವಲ್ಲ. ಹಿತ, ಅಹಿತ, ಎರಡೂ ಅಲ್ಲದ ಅನುಭವ ಎಲ್ಲವೂ ಸೇರಿತು.

ಸರಣಿ ನಿತ್ಯದ ಬದುಕಿನಲ್ಲಿ ಹೇಗೆ ಓಡುತ್ತದೆಂದು ತಿಳಿಯಲು ದೀಘನಿಕಾಯದ ಮಹಾನಿದಾನ ಸುತ್ತ ಒಳ್ಳೆಯ ದಾರಿ. ಈ ಸಿದ್ಧಾಂತ ತನಗೆ ತಿಳಿಯಾಗಿ ಕಾಣುತ್ತದೆ ಎಂದ ಶಿಷ್ಯ ಆನಂದನನ್ನು ಬುದ್ಧ ಅಲ್ಲಿ ತಡೆಯುತ್ತಾನೆ. ತೃಷ್ಣೆಯಿಂದ ಒಂದು ಕವಲು ಸಮಾಜದ ಕಡೆಗೂ ಹೊರಡುತ್ತದೆಂದು ತೋರಿಸುತ್ತಾನೆ. ಇಬ್ಬರು ಅಣ್ಣತಮ್ಮಂದಿರ ಹೊಲಗಳ ಬದುವಿನಲ್ಲಿ ಒಂದು ಮಾವಿನ ಮರವಿದೆ ಎನ್ನೋಣ. ಹಣ್ಣು ತಿಂದಾಗ ರುಚಿ ಹತ್ತಿತು, ಇದು ವೇದನೆ. ಇನ್ನೂ ಬೇಕೆನಿಸಿತು, ಇದು ತೃಷ್ಣೆ. ಅದರ ಬೆನ್ನಿಗೆ ಹುಡುಕಾಟ, ಹುಡುಕಾಟದಿಂದ ಲಾಭ. ಲಾಭ ಕೈಗೆ ಬಂದಮೇಲೆ ಯಾರಿಗೆ ಎಷ್ಟು ಎಂಬ ಲೆಕ್ಕ, ಲೆಕ್ಕದಿಂದ ಆಸೆ, ಆಸೆಯಿಂದ ಅಂಟು, ಅಂಟಿನಿಂದ ಇದು ನನ್ನದೆಂಬ ಹಿಡಿತ. ಹಿಡಿತದಿಂದ ಜಿಪುಣತನ, ಅದರಿಂದ ಕಾವಲು. ಕಾವಲಿನಿಂದ ದೊಣ್ಣೆ, ಕತ್ತಿ, ಬೈಗುಳ, ಸುಳ್ಳು. ಮರ, ಬುದ್ಧನ ಮಾತಲ್ಲ. ಮೆಟ್ಟಿಲುಗಳೂ ಅವುಗಳ ಕ್ರಮವೂ ಸುತ್ತದವೇ. ಜಗಳವನ್ನು ಹುಟ್ಟಿಸಿದವರು ಯಾರೆಂದು ಕೇಳಿದರೆ ಅಣ್ಣ ತಮ್ಮನನ್ನೂ ತಮ್ಮ ಅಣ್ಣನನ್ನೂ ತೋರಿಸಿಯಾರು. ಯಾವುದನ್ನು ಆಧರಿಸಿ ಹುಟ್ಟಿತೆಂದು ಕೇಳಿದರೆ ಮಾತ್ರ ಒಂದೊಂದೇ ಮೆಟ್ಟಿಲು ಕಾಣುತ್ತದೆ.

ಪ್ರಶ್ನೆಯನ್ನು ಹೀಗೆ ಬದಲಿಸುವುದೇ ಈ ಸಿದ್ಧಾಂತದ ಜೀವಾಳ. ಮೋಳಿಯ ಫಗ್ಗುನನೆಂಬ ಭಿಕ್ಷು ಯಾರು ಅನುಭವಿಸುತ್ತಾರೆ, ಯಾರು ಆಸೆಪಡುತ್ತಾರೆ ಎಂದು ಕೇಳಿದಾಗ, ಆ ಪ್ರಶ್ನೆಯೇ ಸರಿಯಲ್ಲ, ಯಾವ ಕಾರಣದಿಂದ ತೃಷ್ಣೆ ಎಂದು ಕೇಳು ಎನ್ನುತ್ತಾನೆ ಬುದ್ಧ. ಒಳಗೆ ಒಬ್ಬ ಕರ್ತೃವನ್ನು ಊಹಿಸಬೇಕಿಲ್ಲ ಎಂದಾದರೆ ಹೊರಗೂ ಬೇಕಿಲ್ಲ.

ಸೃಷ್ಟಿಕರ್ತನ ವಿಷಯ ಅಂಗುತ್ತರನಿಕಾಯದ ತಿತ್ಥಾಯತನ ಸುತ್ತದಲ್ಲಿ ನೇರವಾಗಿಯೇ ಬರುತ್ತದೆ. ಸುಖದುಃಖಗಳೆಲ್ಲ ಪೂರ್ವಕರ್ಮದಿಂದ, ಎಲ್ಲ ಈಶ್ವರ ನಿರ್ಮಿತ, ಯಾವುದಕ್ಕೂ ಕಾರಣವಿಲ್ಲ ಎಂಬ ಮೂರು ಮತಗಳನ್ನು ಬುದ್ಧ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಹಾಗಿದ್ದರೆ ಕೊಲೆಗಾರ ಕೊಲ್ಲುವುದೂ ಈಶ್ವರನ ನಿರ್ಮಾಣದಿಂದಲೇ ಆಯಿತು. ಇದನ್ನು ಮಾಡಬೇಕು, ಇದನ್ನು ಬಿಡಬೇಕು ಎಂಬ ಪ್ರಯತ್ನಕ್ಕೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅವನ ಆಕ್ಷೇಪ. ಪೂರ್ವಕರ್ಮದ ಪಟ್ಟಿಗೂ ಅದೇ ಪೆಟ್ಟು ಬೀಳುತ್ತದೆ. ಎಲ್ಲವೂ ಹಣೆಬರಹ, ಹಿಂದಿನ ಜನ್ಮದ ಪಾಪ ಎನ್ನುವವರು ಬುದ್ಧನ ಸಾಕ್ಷಿ ಕೊಡುವಂತಿಲ್ಲ. ಸೀವಕನೆಂಬ ಪರಿವ್ರಾಜಕನಿಗೆ ಅವನು ನೋವಿನ ಎಂಟು ಮೂಲಗಳನ್ನು ಹೇಳುತ್ತಾನೆ. ಪಿತ್ತ, ಕಫ, ವಾತ, ಋತು ಬದಲಾವಣೆ, ಪೆಟ್ಟು ಮೊದಲಾದವುಗಳ ನಡುವೆ ಕರ್ಮಫಲವೂ ಒಂದು, ಅಷ್ಟೇ.

ಬೌದ್ಧರ ಕಥೆಗಳಲ್ಲಿ ದೇವತೆಗಳು ಇಲ್ಲವೆಂದಲ್ಲ. ಬ್ರಹ್ಮಜಾಲ ಸುತ್ತದಲ್ಲಿ ಬ್ರಹ್ಮನೇ ಬರುತ್ತಾನೆ. ಲೋಕ ಮತ್ತೆ ಅರಳುವಾಗ ಬರಿದಾದ ಬ್ರಹ್ಮವಿಮಾನದಲ್ಲಿ ಮೊದಲು ಹುಟ್ಟಿದ ಜೀವಿ ಒಂಟಿತನಕ್ಕೆ ಬೇಸತ್ತು ಜೊತೆಗಾರರು ಬರಲಿ ಎಂದು ಹಂಬಲಿಸುತ್ತದೆ. ಅದೇ ಹೊತ್ತಿಗೆ ಬೇರೆ ಜೀವಿಗಳು ತಮ್ಮ ಕಾರಣಗಳಿಂದ ಅಲ್ಲಿ ಹುಟ್ಟುತ್ತವೆ. ತಾನೇ ಸೃಷ್ಟಿಸಿದೆ ಎಂದು ಅದು ತಿಳಿಯುತ್ತದೆ, ಉಳಿದವೂ ನಂಬುತ್ತವೆ. ಪಾಲಿ ಗ್ರಂಥಗಳ ಹಾಸ್ಯಕ್ಕೆ ಇದೊಂದು ಒಳ್ಳೆಯ ಮಾದರಿ.

ಸರಣಿಯಲ್ಲಿ ಕೈ ಹಾಕಬಹುದಾದ ಜಾಗ ವೇದನೆ ಮತ್ತು ತೃಷ್ಣೆಗಳ ನಡುವೆ ಇದೆ. ದೇಹವಿರುವವರೆಗೆ ನೋವು ತಪ್ಪುವುದಿಲ್ಲ. ಕಲ್ಲಿನ ಚೂರು ತಾಗಿ ಕಾಲಿಗೆ ಗಾಯವಾದಾಗ ಬುದ್ಧನಿಗೂ ತೀವ್ರವಾದ ನೋವಾಯಿತೆಂದು ಗ್ರಂಥ ಹೇಳುತ್ತದೆ. ಅವನು ಎಚ್ಚರದಿಂದ, ಕಂಗೆಡದೆ ಸಹಿಸಿದನೆಂದೂ ಹೇಳುತ್ತದೆ. ನೋವಿನಿಂದ ಇದು ಬೇಡ, ಇನ್ನೊಂದು ಬೇಕು ಎಂಬ ತಹತಹ ಹುಟ್ಟದಿದ್ದರೆ ಮುಂದಿನ ಕೊಂಡಿಗಳಿಗೆ ಆಹಾರವಿಲ್ಲ. ಅವಿದ್ಯೆ ಪೂರ್ತಿ ಕಳೆದಾಗ ಸರಣಿ ಇಡಿಯಾಗಿ ನಿಲ್ಲುತ್ತದೆ.

ಅವಿದ್ಯೆಯೇ ಮೂಲಕಾರಣವೆಂದು, ದೇವರ ಜಾಗದಲ್ಲಿ ಅದನ್ನು ಕೂರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅವಿದ್ಯೆಗೂ ಆಹಾರವಿದೆ, ಕಾಮ, ದ್ವೇಷ, ಜಡತೆ ಮುಂತಾದ ಐದು ನೀವರಣಗಳು ಅದನ್ನು ಪೋಷಿಸುತ್ತವೆ ಎಂದು ಅಂಗುತ್ತರನಿಕಾಯ ಹೇಳುತ್ತದೆ. ಇದಕ್ಕೆ ಮೊದಲು ಅವಿದ್ಯೆ ಇರಲಿಲ್ಲ ಎನ್ನುವಂಥ ಆದಿ ಕಾಣದು ಎಂದೂ ಹೇಳುತ್ತದೆ. ಅರಿವು ಮತ್ತು ನಾಮರೂಪಗಳನ್ನು ಸಾರಿಪುತ್ತ ಒಂದಕ್ಕೊಂದು ಒರಗಿ ನಿಂತ ಜೊಂಡಿನ ಎರಡು ಕಟ್ಟುಗಳಿಗೆ ಹೋಲಿಸುತ್ತಾನೆ. ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ, ಮೊದಲು ನಿಂತದ್ದು ಯಾವುದೆಂಬ ಪ್ರಶ್ನೆ ಏಳುವುದಿಲ್ಲ.

ಹನ್ನೆರಡು ಕೊಂಡಿಗಳು ಎಷ್ಟು ಕಾಲಕ್ಕೆ ಹರಡಿವೆ ಎಂಬ ಬಗ್ಗೆ ಬೌದ್ಧರಲ್ಲೇ ಒಮ್ಮತವಿಲ್ಲ. 5ನೆಯ ಶತಮಾನದ ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ಅವನ್ನು ಹಿಂದಿನ, ಇಂದಿನ, ಮುಂದಿನ ಮೂರು ಜನ್ಮಗಳಿಗೆ ಹಂಚಿದ. ಥಾಯ್ಲೆಂಡಿನ ಬುದ್ಧದಾಸ ಭಿಕ್ಷು (1906–1993) ಇದನ್ನು ಒಪ್ಪಲಿಲ್ಲ. ಜನ್ಮವೆಂದರೆ ನಾನು, ನನ್ನದು ಎಂಬ ಭಾವ ಹುಟ್ಟುವುದು, ಹಾಗಾಗಿ ಇಡೀ ಚಕ್ರ ಒಂದೇ ದಿನದಲ್ಲಿ ಹಲವು ಬಾರಿ ತಿರುಗಬಹುದು ಎಂದ. ಈ ವಾದ ಇನ್ನೂ ಮುಗಿದಿಲ್ಲ. ಸೃಷ್ಟಿಕರ್ತನಿಗೆ ಮಾತ್ರ ಎರಡೂ ವ್ಯಾಖ್ಯಾನಗಳಲ್ಲಿ ಜಾಗವಿಲ್ಲ.