ದರ ಏರಲಿಲ್ಲ, ನಾನೇ ತಪ್ಪು ಬರೆದಿದ್ದೆ

ಧಾರವಾಡದ ಕೆಲಗೇರಿ ಕಡೆ ನಮ್ಮದೊಂದು ಸಣ್ಣ ಆಪೂಸು ತೋಟ. ದಲಾಲರ ಗೊಡವೆ ಬ್ಯಾಡಂತ ಈಚೆಗೆ ಹಣ್ಣನ್ನು ಮನೆಯಿಂದಲೇ ಮಾರುತ್ತೇವೆ. 2025ರ ಮೇ 2ರ ಸಂಜೆ ಹಣ್ಣಿನ ಫೋಟೋ ತೆಗೆದು, ಅದರ ಮೇಲೇ ದರ ಬರೆದು, ಹುಬ್ಬಳ್ಳಿ-ಧಾರವಾಡದ ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ದೊಡ್ಡ ಹಣ್ಣಿಗೆ ಡಜನ್‌ಗೆ 450 ರೂಪಾಯಿ, ಸಣ್ಣದಕ್ಕೆ 250 ಎಂದು ನಮ್ಮ ಲೆಕ್ಕ. ಆದರೆ ದೊಡ್ಡ ಹಣ್ಣಿನ ಚಿತ್ರದ ಕೆಳಗೆ 250 ಎಂದು ಬಿದ್ದಿತ್ತು.

ಮರುದಿನ ಮುಂಜಾನೆ ಒಬ್ಬರು ಫೋನ್ ಮಾಡಿ ನಾಲ್ಕು ಡಜನ್ ಕೇಳಿದಾಗಲೇ ನನಗೆ ಗೊತ್ತಾದದ್ದು. ವಾಟ್ಸಾಪಿನಲ್ಲಿ ಕಳಿಸಿದ 15 ನಿಮಿಷದೊಳಗೆ ಬರಹ ತಿದ್ದಬಹುದು. ಆದರೆ ಚಿತ್ರದೊಳಗಿನ ಅಂಕಿ ತಿದ್ದಲು ಬರುವುದಿಲ್ಲ. ಎರಡು ದಿನದ ಮಟ್ಟಿಗೆ ಎಲ್ಲರಿಗೂ ಅಳಿಸುವ ಅವಕಾಶವಿದೆ ಅಂತ ಅಳಿಸಿದೆ. ಅಷ್ಟರಲ್ಲಿ ಅದನ್ನು ಬೇರೆಯವರು ಮುಂದಕ್ಕೆ ಕಳಿಸಿಯಾಗಿತ್ತು. ಆ ಪ್ರತಿಗಳು ನನ್ನ ಕೈಗೆ ಸಿಗುವಂಥವಲ್ಲ. ನಾನು ಸುಮ್ಮನೆ ಅಳಿಸಿದ್ದರಿಂದ ಹಳೆಯ ಚಿತ್ರ ಇಟ್ಟುಕೊಂಡವರಿಗೆ ಅದು ತಪ್ಪೆಂದು ತಿಳಿಯುವ ದಾರಿಯೂ ಇಲ್ಲದಾಯಿತು.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ನಾಚಿಕೆಯಿಂದ, "ದರದಲ್ಲಿ ಸ್ವಲ್ಪ ಬದಲಾವಣೆಯಾಗಿದೆ, ಗ್ರಾಹಕರು ಗಮನಿಸಬೇಕು" ಎಂದು ಬರೆದು ಹಾಕಿದೆ. ಅರ್ಧ ತಾಸಿನಲ್ಲಿ ಹಳೆಯ ಗಿರಾಕಿಯೊಬ್ಬರ ಫೋನ್ ಬಂತು.

"ಏನ್ರೀ ಕಾಕಾರ, ನಿನ್ನಿ ಎರಡನೂರಾ ಐವತ್ತು ಇದ್ದದ್ದು ಇವತ್ತ ನಾನೂರಾ ಐವತ್ತ ಆತೇನು? ಬೇಡಿಕೆ ನೋಡಿ ಏರಿಸಿದ್ರಿ ಅನ್ರಿ!"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಿಜವಾಗಿ ದರ ಬದಲಾಗಿರಲೇ ಇಲ್ಲ, ಬರೆದದ್ದು ತಪ್ಪಾಗಿತ್ತು. "ಬದಲಾವಣೆ" ಎಂಬ ಒಂದು ಶಬ್ದ ನನ್ನ ಕೈತಪ್ಪನ್ನು ವ್ಯಾಪಾರದ ಯುಕ್ತಿಯನ್ನಾಗಿ ಮಾಡಿಬಿಟ್ಟಿತು. ಮಧ್ಯಾಹ್ನ 2 ಗಂಟೆಗೆ ಅದನ್ನು ಬಿಟ್ಟು, ಹೊಸ ಚಿತ್ರದ ಮೇಲೆ ಹೀಗೆ ಬರೆದು ಹಾಕಿದೆ:

"ತಿದ್ದುಪಡಿ, ಮೇ 3. ಆಪೂಸು ದೊಡ್ಡ ಹಣ್ಣು ಡಜನ್‌ಗೆ ರೂ. 450, ಸಣ್ಣ ಹಣ್ಣು ರೂ. 250. ಮೇ 2ರ ಚಿತ್ರದಲ್ಲಿ ದೊಡ್ಡ ಹಣ್ಣಿಗೆ ರೂ. 250 ಎಂದು ಬರೆದದ್ದು ನನ್ನ ತಪ್ಪು. ಇಂದು ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಬರೆಸಿದವರಿಗೆ 250ಕ್ಕೇ ಕೊಡುತ್ತೇನೆ. ಹಣ್ಣು ಕೊಡುವ ದಿನ ಅದೇ: ಭಾನುವಾರ, ಮೇ 11."

ಹಳೆಯ ಪುಸ್ತಕಗಳ ಕೊನೆಗೆ ಇರುವ "ತಪ್ಪು–ಒಪ್ಪು" ಪಟ್ಟಿಯಲ್ಲಿ ತಪ್ಪು ಮೊದಲು ಬರುತ್ತದೆ. ಜಾಹೀರಾತಿನಲ್ಲಿ ಇದನ್ನು ತಿರುವು ಮಾಡಬೇಕು. ಫೋನ್ ನೋಡುವವರು ಮೊದಲ ಅಂಕಿಯನ್ನೇ ಮನಸ್ಸಿನಲ್ಲಿ ಹಿಡಿಯುತ್ತಾರೆ. ಆದ್ದರಿಂದ ಸರಿಯಾದ ದರ ಮೊದಲು, ದಪ್ಪ ಅಕ್ಷರದಲ್ಲಿ. "ತಿದ್ದುಪಡಿ" ಎಂಬ ಶಬ್ದ ಮತ್ತು ತಾರೀಖು ಚಿತ್ರದ ಒಳಗೇ ಇರಲಿ. ಚಿತ್ರದ ಕೆಳಗೆ ಬೇರೆ ಬರೆದರೆ, ಮುಂದಕ್ಕೆ ಕಳಿಸುವಾಗ ಅದು ಬಿಟ್ಟುಹೋಗಬಹುದು. ಫೋಟೋ ಕೂಡ ಬೇರೆಯದೇ ಹಾಕಿರಿ. ಹಳೆಯದನ್ನೇ ಹಾಕಿದರೆ "ಇದು ನೋಡಿದ್ದೇ" ಎಂದು ಜನ ಮುಂದೆ ಹೋಗುತ್ತಾರೆ. ಬದಲಾಗದ ಸಂಗತಿಯನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಇಲ್ಲದಿದ್ದರೆ ದಿನವೂ ಬದಲಾಯಿತೇ ಎಂದು ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗುತ್ತದೆ.

ಆ 2 ಗಂಟೆಯೊಳಗೆ ಹೆಸರು ಬರೆಸಿದವರು ಒಂಬತ್ತು ಜನ, ಒಟ್ಟು 16 ಡಜನ್. ಡಜನ್‌ಗೆ 200 ರೂಪಾಯಿಯಂತೆ 3200 ರೂಪಾಯಿ ಕೈಬಿಟ್ಟಿತು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಗಡುವು ಬರೆಯದಿದ್ದರೆ ಹಳೆಯ ಚಿತ್ರ ಹಿಡಿದುಕೊಂಡು ಬಂದವರಿಗೆಲ್ಲ ಕೊಡಬೇಕಾಗುತ್ತಿತ್ತು. ಗಡುವು ತಿದ್ದುಪಡಿ ಹಾಕಿದ ಹೊತ್ತೇ ಆಗಿರಬೇಕು. ಸಂಜೆಯವರೆಗೆ ಎಂದಿದ್ದರೆ ತಿದ್ದುಪಡಿ ಓದಿದವರೂ ಕಡಿಮೆ ದರಕ್ಕೆ ಓಡಿಬರುತ್ತಿದ್ದರು.

ಆದರೂ ಮೇ 11ರಂದು ಇಬ್ಬರು ಹಳೆಯ ಚಿತ್ರ ಹಿಡಿದೇ ಬಂದರು. ಗೇಟಿನ ಬಳಿ ತಿದ್ದುಪಡಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಅಂಟಿಸಿದ್ದೆ, ತಾರೀಖು ತೋರಿಸಿ ಹೇಳಿದೆ. ಒಬ್ಬರು ಸಣ್ಣ ಹಣ್ಣು ಒಯ್ದರು, ಇನ್ನೊಬ್ಬರು ಬರಿಗೈಲಿ ಹೋದರು. ತಿದ್ದುಪಡಿ ಎಲ್ಲರನ್ನೂ ಮುಟ್ಟುವುದಿಲ್ಲ.

ದರದ ತಪ್ಪನ್ನು ದುಡ್ಡಿನಲ್ಲಿ ತುಂಬಿಕೊಡಬಹುದು. ದಿನದ ತಪ್ಪು ಹಾಗಲ್ಲ. ತಪ್ಪು ದಿನ ಬಸ್ ಹಿಡಿದು ಬಂದವರ ಹೊತ್ತು ಮರಳಿ ಬರುವುದಿಲ್ಲ. ಆದ್ದರಿಂದ ತಾರೀಖಿನ ಜೊತೆ ವಾರವನ್ನೂ ಬರೆಯಿರಿ. ಎರಡೂ ಹೊಂದದಿದ್ದರೆ ಓದಿದವರೇ ಫೋನ್ ಮಾಡಿ ಕೇಳುತ್ತಾರೆ, ತಪ್ಪು ಬೇಗ ಸಿಗುತ್ತದೆ. ದಿನ ತಪ್ಪಿದ್ದೇ ಆದರೆ, ತಿದ್ದುಪಡಿ ಹಾಕಿಯೂ ಆ ತಪ್ಪು ದಿನ ಮನೆಯಲ್ಲಿ ಒಬ್ಬರು ಇರಲೇಬೇಕು.

ಈಗ ಚಿತ್ರ ಹಾಕುವ ಮೊದಲು ಮನೆಯವಳ ಕೈಗೆ ಫೋನ್ ಕೊಟ್ಟು, "ಇದರಾಗ ಏನೈತಿ ಜೋರಾಗಿ ಓದು" ಅನ್ನುತ್ತೇನೆ. ಬರೆದವನ ಕಣ್ಣಿಗೆ ಕಾಣದ ಅಂಕಿ, ಬೇರೆಯವರು ಓದುವಾಗ ಕಿವಿಗೆ ಬೀಳುತ್ತದೆ.